ಒಂದು ಉದ್ದ, ಎರಡು ಗಿಡ್ಡ

ಸ್ವಿಚ್ ಒತ್ತಿದರೆ ಫ್ಯಾನ್ ತಿರುಗುತ್ತದೆ, ದೀಪ ಹೊತ್ತಿಕೊಳ್ಳುತ್ತದೆ, ಆದರೆ ಮಾನಿಟರ್ ಮಾತ್ರ ಕಪ್ಪು. ಕ್ಯಾಬಿನೆಟ್ ಒಳಗಿನಿಂದ ಒಂದು ಉದ್ದ ಬೀಪ್, ಅದರ ಬೆನ್ನಿಗೇ ಎರಡು ಗಿಡ್ಡ ಬೀಪ್. ತುಸು ಬಿಡುವಿನ ಬಳಿಕ ಮತ್ತೆ ಅದೇ ಸದ್ದು. ಹಳೆಯ ಪಟ್ಟಿಗಳನ್ನು ಬಾಯಿಪಾಠ ಮಾಡಿಕೊಂಡವರು ಇದನ್ನು ಕೇಳಿದ ಕೂಡಲೇ ‘ಗ್ರಾಫಿಕ್ಸ್ ಕಾರ್ಡ್ ಹೋಗಿದೆ’ ಎಂದುಬಿಡುತ್ತಾರೆ. 1981ರಲ್ಲಿ ಬಂದ ಐಬಿಎಂ ಪಿಸಿಯಲ್ಲಿ, ಆಮೇಲೆ ಅವಾರ್ಡ್ ಬಯೋಸ್ ಇದ್ದ ಬೋರ್ಡುಗಳಲ್ಲಿ ಅದರ ಅರ್ಥ ಅದೇ ಆಗಿತ್ತು. ಆದರೆ ಈಚಿನ ಅನೇಕ ಏಸಸ್ ಬೋರ್ಡುಗಳಲ್ಲಿ ಇದೇ ಸದ್ದಿಗೆ ‘ರ‍್ಯಾಮ್ ಸಿಗುತ್ತಿಲ್ಲ’ ಎಂದರ್ಥ. ಗ್ರಾಫಿಕ್ಸ್ ಸಿಗದಿದ್ದರೆ ಅಲ್ಲಿ ಕೇಳಿಸುವುದು ಒಂದು ಉದ್ದ, ಮೂರು ಗಿಡ್ಡ. ಡೆಲ್‌ನ ಹಲವು ಮಾಡೆಲ್‌ಗಳಲ್ಲಿ ಉದ್ದ-ಗಿಡ್ಡದ ಗೊಡವೆಯೇ ಇಲ್ಲ, ಬರೀ ಎಣಿಕೆ: ಎರಡು ಬೀಪ್ ಆದರೆ ರ‍್ಯಾಮ್ ಕಾಣುತ್ತಿಲ್ಲ, ನಾಲ್ಕಾದರೆ ರ‍್ಯಾಮ್ ಕೆಟ್ಟಿದೆ, ಆರಾದರೆ ಗ್ರಾಫಿಕ್ಸ್ ತೊಂದರೆ.

ಹಾಗಾಗಿ ನಿಮ್ಮ ಬೋರ್ಡಿನ ಕೈಪಿಡಿಯನ್ನು ನೋಡದೆ ಬೀಪ್‌ಗೆ ಅರ್ಥ ಹಚ್ಚಬಾರದು. ಎಣಿಸುವುದರಲ್ಲೂ ಎಡವಟ್ಟಾಗುತ್ತದೆ. ಸದ್ದನ್ನು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಕೊಂಡು, ಬಿಡುವು ಬಂದ ಮೇಲೆ ಕೇಳುವ ಮೊದಲ ಬೀಪ್‌ನಿಂದ ಎಣಿಸಿದರೆ ತಪ್ಪುವುದಿಲ್ಲ. ಸದ್ದೇ ಬರದಿದ್ದರೆ ಬೋರ್ಡ್ ಸತ್ತಿದೆ ಎಂದುಕೊಳ್ಳಬೇಕಿಲ್ಲ. ಈಗಿನ ಕ್ಯಾಬಿನೆಟ್‌ಗಳಲ್ಲಿ ಆ ಪುಟ್ಟ ಸ್ಪೀಕರೇ ಇರುವುದಿಲ್ಲ. ಬೋರ್ಡಿನಲ್ಲಿ ‘ಸ್ಪೀಕರ್’ ಎಂದು ಗುರುತಿರುವ ಪಿನ್‌ಗಳಿಗೆ ಸಿಕ್ಕಿಸುವ ಚಿಕ್ಕ ಬಜರ್ ಬಿಡಿಭಾಗಗಳ ಅಂಗಡಿಯಲ್ಲಿ ಸಿಗುತ್ತದೆ.

ತೊಂದರೆಯನ್ನು ಪರದೆಯ ಮೇಲೆ ಬರೆದು ತೋರಿಸಲು ಬೋರ್ಡಿಗೆ ಸಾಧ್ಯವಿಲ್ಲ, ಏಕೆಂದರೆ ಪರದೆ ಏಳುವುದೇ ತಡವಾಗಿ. ಕರೆಂಟ್ ಬಂದೊಡನೆ ಬಯೋಸ್ ಮೊದಲು ರ‍್ಯಾಮನ್ನು ಹುಡುಕುತ್ತದೆ. ಪ್ರತಿ ರ‍್ಯಾಮ್ ಪಟ್ಟಿಯ ಮೇಲೂ ಒಂದು ಸಣ್ಣ ಚಿಪ್ ಇದ್ದು, ಅದರ ಗಾತ್ರ, ವೇಗ ಎಲ್ಲ ಅದರಲ್ಲಿ ಬರೆದಿರುತ್ತದೆ. ಅದನ್ನು ಓದಿ ರ‍್ಯಾಮನ್ನು ಸಿದ್ಧಮಾಡಿಕೊಂಡ ಮೇಲಷ್ಟೇ ಗ್ರಾಫಿಕ್ಸ್ ಸರದಿ. ಪಟ್ಟಿಯ ಚಿನ್ನದ ಬಣ್ಣದ ಅಂಚಿಗೆ ಕಿಲುಬೋ ಧೂಳೋ ಕೂತು ಆ ಚಿಪ್‌ನ ಸಂಪರ್ಕ ತಪ್ಪಿದರೂ ಸಾಕು, ರ‍್ಯಾಮ್ ಚೆನ್ನಾಗಿದ್ದರೂ ಬೋರ್ಡಿನ ಲೆಕ್ಕದಲ್ಲಿ ಅದು ಇಲ್ಲ.

ಎರಡು ರ‍್ಯಾಮ್ ಪಟ್ಟಿಗಳಿರುವ ಒಂದು ಏಸಸ್ ಬೋರ್ಡ್ ಮಳೆಗಾಲ ಕಳೆದ ಮೇಲೆ ‘ಒಂದು ಉದ್ದ, ಎರಡು ಗಿಡ್ಡ’ ಎನ್ನುತ್ತಿದೆ ಎಂದುಕೊಳ್ಳಿ. ಪ್ಲಗ್ ಕಿತ್ತು, ಪವರ್ ಬಟನ್ ಒಮ್ಮೆ ಒತ್ತಿ ಉಳಿದ ಕರೆಂಟ್ ಖಾಲಿಮಾಡಿ, ಕ್ಯಾಬಿನೆಟ್‌ನ ಲೋಹ ಮುಟ್ಟಿ, ಎರಡೂ ಪಟ್ಟಿಗಳನ್ನು ಹೊರತೆಗೆಯಿರಿ. ಈಗ ರ‍್ಯಾಮ್ ಇಲ್ಲದೆಯೇ ಒಮ್ಮೆ ಆನ್ ಮಾಡಿ. ಇದು ನನಗೆ ತುಂಬಾ ಮೆಚ್ಚಿನ ಪರೀಕ್ಷೆ. ಅದೇ ಸದ್ದು ಬಂದರೆ ಬಯೋಸ್ ಓಡುತ್ತಿದೆ, ದೂರು ನಿಜಕ್ಕೂ ರ‍್ಯಾಮ್‌ನದೇ ಎಂದು ಗೊತ್ತಾಗುತ್ತದೆ. ಬಜರ್ ಇದ್ದೂ ಸದ್ದಿಲ್ಲವಾದರೆ ಪವರ್ ಸಪ್ಲೈ, ಪ್ರೊಸೆಸರ್ ಅಥವಾ ಬೋರ್ಡನ್ನೇ ಅನುಮಾನಿಸಬೇಕು.

ಮತ್ತೆ ಪ್ಲಗ್ ತೆಗೆದು, ಪಟ್ಟಿಯ ಅಂಚನ್ನು ಮೆತ್ತನೆಯ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿಯನ್ನು ಪೂರ್ತಿ ಒರೆಸಿ. ಒಂದೇ ಪಟ್ಟಿಯನ್ನು ಕೈಪಿಡಿ ಹೇಳುವ ಸ್ಲಾಟಿಗೆ ಹಾಕಿ. ನಾಲ್ಕು ಸ್ಲಾಟಿನ ಬೋರ್ಡುಗಳಲ್ಲಿ ಅದು ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎರಡನೆಯದು. ‘ಟಕ್’ ಎಂದು ಲಾಕ್ ಕೂರಬೇಕು. ಆನ್ ಮಾಡಿ ನೋಡಿ, ಇನ್ನೊಂದನ್ನೂ ಅಲ್ಲೇ ಹಾಕಿ ನೋಡಿ. ಒಂದು ಪಟ್ಟಿ ಯಾವ ಸ್ಲಾಟಿಗೆ ಹಾಕಿದರೂ ಬೀಪ್ ಬಂದು, ಇನ್ನೊಂದು ಸರಿಯಾಗಿ ಓಡಿದರೆ ಕೆಟ್ಟಿರುವುದು ಆ ಪಟ್ಟಿ. ಎರಡೂ ಒಂದೇ ಸ್ಲಾಟಿನಲ್ಲಿ ಮಾತ್ರ ಸೋತರೆ ದೋಷ ಸ್ಲಾಟಿನದು, ಇಲ್ಲವೇ ಪ್ರೊಸೆಸರ್ ಕೂರುವ ಸಾಕೆಟ್‌ನಲ್ಲಿ ಬಾಗಿದ ಪಿನ್ನಿನದು. ಈಗ ರ‍್ಯಾಮನ್ನು ನಿಯಂತ್ರಿಸುವ ಭಾಗ ಪ್ರೊಸೆಸರ್ ಒಳಗೇ ಇರುವುದರಿಂದ ಅಲ್ಲಿಯ ಒಂದು ಪಿನ್ ಸ್ಲಾಟನ್ನೇ ಮಲಗಿಸಬಲ್ಲದು.

ಇದೇ ಬೋರ್ಡ್ ಒಂದು ಉದ್ದ, ಮೂರು ಗಿಡ್ಡ ಬೀಪ್ ಕೊಟ್ಟರೆ ಮೊದಲು ನೋಡಬೇಕಾದದ್ದು ಗ್ರಾಫಿಕ್ಸ್ ಕಾರ್ಡಿಗೆ ಪವರ್ ಸಪ್ಲೈಯಿಂದ ಬರುವ ಆರು ಅಥವಾ ಎಂಟು ಪಿನ್ನಿನ ಕೇಬಲ್. ಅದು ಕಳಚಿದ್ದರೆ ಅಥವಾ ಕಾರ್ಡು ಭಾರಕ್ಕೆ ಜೋತು ಸ್ಲಾಟಿನಿಂದ ಮೇಲೆದ್ದಿದ್ದರೆ ಬೋರ್ಡಿಗೆ ಕಾರ್ಡ್ ಕಾಣುವುದಿಲ್ಲ. ಇಂಟೆಲ್‌ನ ‘ಎಫ್’ ಅಕ್ಷರದ ಪ್ರೊಸೆಸರ್‌ಗಳಲ್ಲಿ ಒಳಗಿನ ಗ್ರಾಫಿಕ್ಸ್ ಇರುವುದಿಲ್ಲ. ಕಾರ್ಡ್ ತೆಗೆದು ಪರೀಕ್ಷಿಸಿದರೆ ಅಲ್ಲಿ ಬೀಪ್ ಬರುವುದು ಸಹಜವೇ.

ಇನ್ನು ಡಿಡಿಆರ್5 ರ‍್ಯಾಮ್ ಹಾಕಿದ ಹೊಸ ಯಂತ್ರ ಮೊದಲ ಸಲ ಆನ್ ಆದಾಗ ಹಲವು ನಿಮಿಷ ಸದ್ದೂ ಇಲ್ಲದೆ, ಪರದೆಯೂ ಇಲ್ಲದೆ ಕೂರಬಹುದು. ರ‍್ಯಾಮ್‌ನ ವೇಗಕ್ಕೆ ತನ್ನನ್ನು ಹೊಂದಿಸಿಕೊಳ್ಳುತ್ತಿರುತ್ತದೆ. ನಡುವೆ ಆಫ್ ಮಾಡಬೇಡಿ. ಶುರುವಿನ ಪರೀಕ್ಷೆ ರ‍್ಯಾಮ್‌ನ ಮೂಲೆಮೂಲೆಯನ್ನೂ ತಡಕುವುದಿಲ್ಲ. ಬೀಪ್ ಬಾರದೆ ವಿಂಡೋಸ್ ತೆರೆದು, ಆಮೇಲೆ ನೀಲಿ ಪರದೆ ಮತ್ತೆ ಮತ್ತೆ ಬರುತ್ತಿದ್ದರೆ ಪೆನ್‌ಡ್ರೈವ್‌ನಿಂದ ಮೆಮ್‌ಟೆಸ್ಟ್86 ಓಡಿಸಿ, ರಾತ್ರಿಯಿಡೀ ಬಿಟ್ಟು ನೋಡಬೇಕು.