ಒಂಬತ್ತು ಲಕ್ಷ, ಐದು ಜನ, ಅರವತ್ತು ಪಾಲು

2018ರ ಫೆಬ್ರುವರಿ 3ರಂದು ನ್ಯೂಜಿಲೆಂಡಿನ ಮೌಂಟ್ ಮಾಂಗನೂಯಿಯಲ್ಲಿ ಭಾರತದ 19 ವರ್ಷದೊಳಗಿನವರ ತಂಡ ಆಸ್ಟ್ರೇಲಿಯಾವನ್ನು ಎಂಟು ವಿಕೆಟ್‌ಗಳಿಂದ ಸೋಲಿಸಿ ವಿಶ್ವಕಪ್ ಗೆದ್ದಿತು. ಬಿಸಿಸಿಐ ಬಹುಮಾನ ಘೋಷಿಸಿತು: ಕೋಚ್ ರಾಹುಲ್ ದ್ರಾವಿಡ್ ಅವರಿಗೆ 50 ಲಕ್ಷ, ಆಟಗಾರರಿಗೆ ತಲಾ 30 ಲಕ್ಷ, ಸಹಾಯಕ ಸಿಬ್ಬಂದಿಗೆ ತಲಾ 20 ಲಕ್ಷ. ತನಗೊಂದು, ಜೊತೆಗೆ ದುಡಿದವರಿಗೊಂದು ಎಂಬ ಲೆಕ್ಕ ದ್ರಾವಿಡ್ ಅವರಿಗೆ ಹಿಡಿಸಲಿಲ್ಲ. ಕೊನೆಗೆ ಅವರೂ ಸೇರಿದಂತೆ ಸಿಬ್ಬಂದಿಗೆಲ್ಲ ತಲಾ 25 ಲಕ್ಷ ಎಂದಾಯಿತು. ಪತ್ರಿಕೆಗಳು ಇದನ್ನು ಮೆಚ್ಚಿ ಬರೆದವು. ಅಷ್ಟಾಗಿ ಗಮನಕ್ಕೆ ಬಾರದ ಇನ್ನೊಂದು ಸಂಗತಿ ಇತ್ತು: ವಿಶ್ವಕಪ್ಪಿಗೆ ಹೋಗದಿದ್ದರೂ ಹಿಂದಿನ ತಿಂಗಳುಗಳಲ್ಲಿ ಈ ಹುಡುಗರ ಜೊತೆ ಕೆಲಸ ಮಾಡಿದ್ದವರೂ ಪರಿಷ್ಕೃತ ಪಟ್ಟಿಗೆ ಸೇರಿದರು. ಅವರಲ್ಲೊಬ್ಬರು ಕಪ್ ಗೆಲ್ಲುವ ಮೊದಲೇ ತೀರಿಕೊಂಡಿದ್ದರು.

ತಂಡಕ್ಕೆಂದು ಬಂದ ಹಣವನ್ನು ಹಂಚಲು ಕೂತವರು ಉತ್ತರಿಸಬೇಕಾದ ಎರಡು ಪ್ರಶ್ನೆಗಳೂ ಇಲ್ಲಿವೆ. ಯಾರ ಕೆಲಸಕ್ಕೆ ಎಷ್ಟು ತೂಕ? ಯಾರು ಎಷ್ಟು ಕಾಲ ತಂಡದಲ್ಲಿದ್ದರು? ಬೆಂಗಳೂರಿನ ಐಟಿ ಕಚೇರಿಗಳಲ್ಲಿ ಅಪ್ರೈಸಲ್ ಮುಗಿದ ಮೇಲೆ ಮ್ಯಾನೇಜರ್ ಕೈಗೆ 'ಪೂಲ್' ಬಂದಾಗ ಏಳುವ ಪ್ರಶ್ನೆಗಳೂ ಇವೇ. ಜಗಳ ಮಾತ್ರ ಹೆಚ್ಚಾಗಿ ಈ ಎರಡನ್ನು ಒಂದರೊಳಗೊಂದು ಕಲಸಿದಾಗ ಹುಟ್ಟುತ್ತದೆ.

ಒಂದು ಲೆಕ್ಕ ಮಾಡಿಯೇ ನೋಡಬಹುದು. ಐದು ಜನರ ತಂಡಕ್ಕೆ ಒಂಬತ್ತು ಲಕ್ಷ ರೂಪಾಯಿ ಬಂದಿದೆ ಎನ್ನೋಣ. ಟೀಮ್ ಲೀಡ್‌ಗೆ ತೂಕ 1.5, ಹಿರಿಯ ಡೆವಲಪರ್‌ಗೆ 1.25, ಉಳಿದ ಮೂವರಿಗೆ ತಲಾ 1. ಲೀಡ್, ಹಿರಿಯ ಡೆವಲಪರ್, ಟೆಸ್ಟರ್ ಮೂವರೂ ವರ್ಷವಿಡೀ ಇದ್ದವರು. ಕಿರಿಯ ಡೆವಲಪರ್ ಸೇರಿ ಒಂಬತ್ತು ತಿಂಗಳಾಗಿದೆ. ಐದನೆಯವರು ಆರು ತಿಂಗಳಿದ್ದು ಅದೇ ಕಂಪನಿಯ ಬೇರೆ ತಂಡಕ್ಕೆ ಹೋದವರು.

ತೂಕವನ್ನು ತಿಂಗಳಿನಿಂದ ಗುಣಿಸಿದರೆ ಲೀಡ್‌ಗೆ 18 ಪಾಲು, ಹಿರಿಯರಿಗೆ 15, ಟೆಸ್ಟರ್‌ಗೆ 12, ಕಿರಿಯರಿಗೆ 9, ಹೋದವರಿಗೆ 6. ಒಟ್ಟು 60. ಒಂಬತ್ತು ಲಕ್ಷವನ್ನು ಅರವತ್ತರಿಂದ ಭಾಗಿಸಿದರೆ ಪಾಲೊಂದಕ್ಕೆ 15,000 ರೂಪಾಯಿ. ಹಾಗಾಗಿ ಲೀಡ್‌ಗೆ 2,70,000, ಹಿರಿಯರಿಗೆ 2,25,000, ಟೆಸ್ಟರ್‌ಗೆ 1,80,000, ಕಿರಿಯರಿಗೆ 1,35,000, ಹೋದವರಿಗೆ 90,000. ಕೂಡಿದರೆ ಸರಿಯಾಗಿ ಒಂಬತ್ತು ಲಕ್ಷ. ಎಕ್ಸೆಲ್‌ನಲ್ಲಿ ಬಿ ಕಾಲಮ್ಮಿನಲ್ಲಿ ತೂಕ, ಸಿ ಕಾಲಮ್ಮಿನಲ್ಲಿ ತಿಂಗಳು, ಎಫ್1ರಲ್ಲಿ ಒಟ್ಟು ಹಣ ಇಟ್ಟರೆ ಈ ಒಂದೇ ಸಾಲು ಸಾಕು:

```
=ROUND($F$1*B2*C2/SUMPRODUCT($B$2:$B$6,$C$2:$C$6),0)
```

ಇಷ್ಟು ಸರಳವಾದದ್ದು ಎಲ್ಲಿ ಕೆಡುತ್ತದೆ? ಮೊದಲನೆಯದಾಗಿ, ಕ್ರಮದಲ್ಲಿ. ಮೊದಲು ಬರೀ ತೂಕದ ಮೇಲೆ ಹಂಚಿ, ಆಮೇಲೆ ಕಡಿಮೆ ತಿಂಗಳು ಇದ್ದವರ ಮೊತ್ತ ಕತ್ತರಿಸುವ ರೂಢಿ ಕೆಲವೆಡೆ ಇದೆ. ಮೇಲಿನ ತಂಡದಲ್ಲಿ ತೂಕಗಳ ಮೊತ್ತ 5.75. ಒಂದು ತೂಕಕ್ಕೆ ಸುಮಾರು 1,56,522 ರೂಪಾಯಿ. ಅದರಲ್ಲಿ ಕಿರಿಯರಿಗೆ ಮುಕ್ಕಾಲು ಭಾಗ, ಹೋದವರಿಗೆ ಅರ್ಧ. ಎಲ್ಲವನ್ನೂ ಕೂಡಿದರೆ ಹಂಚಿಕೆಯಾದದ್ದು 7,82,609 ಮಾತ್ರ. ಉಳಿದ 1,17,391 ರೂಪಾಯಿ ಯಾರ ಹೆಸರಿಗೂ ಬೀಳದೆ ಕಂಪನಿಯಲ್ಲೇ ನಿಂತುಬಿಡುತ್ತದೆ. ಪ್ರತಿಯೊಬ್ಬರೂ ತಮ್ಮ ಪತ್ರವನ್ನಷ್ಟೇ ನೋಡುವುದರಿಂದ ಇದು ಕಣ್ಣಿಗೆ ಬೀಳುವುದಿಲ್ಲ. ಲೀಡ್‌ಗೂ 35,000ಕ್ಕೂ ಹೆಚ್ಚು ಕಡಿಮೆಯಾಗಿರುತ್ತದೆ, ಅವರಿಗೂ ಗೊತ್ತಾಗುವುದಿಲ್ಲ. ಪಾಲುಗಳ ಮೊತ್ತ ಪೂಲಿನ ಮೊತ್ತಕ್ಕೆ ಸಮವಿದೆಯೇ ಎಂದು ತಾಳೆ ನೋಡುವುದೊಂದೇ ಇದನ್ನು ಹಿಡಿಯುವ ದಾರಿ. ಉಳಿಕೆ ತನಗೇ ಬರಲಿ ಎಂದು ಕಂಪನಿ ಬಯಸುವುದಾದರೆ ಅದು ಬೇರೆ ಮಾತು. ಆದರೆ ಆಗ 'ಒಂಬತ್ತು ಲಕ್ಷದ ಪೂಲ್' ಎಂದು ಹೇಳಿಕೊಳ್ಳಬಾರದು.

ಎರಡನೆಯ ಎಡವಟ್ಟು ಇನ್ನೂ ನವಿರಾದದ್ದು. 'ಹೊಸಬರು ತಾನೇ, ಒಂಬತ್ತೇ ತಿಂಗಳು' ಎಂದು ಮ್ಯಾನೇಜರ್ ಕಿರಿಯ ಡೆವಲಪರ್‌ಗೆ 1ರ ಬದಲು 0.75 ತೂಕ ಕೊಟ್ಟರೆನ್ನಿ. ತಿಂಗಳ ಕಾಲಮ್ಮಿನಲ್ಲಿ ಆಗಲೇ 9 ಇದೆ. ಬಂದ ಕಾಲ ಕಡಿಮೆ ಎಂಬ ಒಂದೇ ಕಾರಣಕ್ಕೆ ಎರಡು ಸಲ ಕಡಿತ ಬಿದ್ದು, 1,35,000 ಹೋಗಿ ಸುಮಾರು 1,05,195ಕ್ಕೆ ಇಳಿಯುತ್ತದೆ. ತೂಕ ಎಂದರೆ ಇದ್ದಷ್ಟು ದಿನ ತಿಂಗಳೊಂದಕ್ಕೆ ಎಷ್ಟು ಹೊರೆ ಹೊತ್ತರು ಎಂಬ ಅಳತೆ. ಒಟ್ಟು ವರ್ಷದಲ್ಲಿ ಎಷ್ಟು ಮಾಡಿದರು ಎಂಬುದು ಗುಣಾಕಾರದಲ್ಲಿ ತಾನಾಗಿ ಬರುತ್ತದೆ. ಪಟ್ಟಿಯಲ್ಲಿ ಕಡಿಮೆ ತಿಂಗಳಿದ್ದವರಿಗೆಲ್ಲ ತೂಕವೂ ಕಡಿಮೆಯೇ ಇದ್ದರೆ ಇಂಥ ಎರಡು ಪೆಟ್ಟಿನ ಅನುಮಾನ ಪಡಬಹುದು.

ಹೀಗಾಗದಿರಲು ತಿಂಗಳ ಕಾಲಮ್ಮನ್ನು ಎಚ್‌ಆರ್ ದಾಖಲೆಯಿಂದ ತುಂಬಿಸಿ, ಅದನ್ನು ಕಾಣದೆಯೇ ತೂಕ ನಿಗದಿ ಮಾಡುವುದು ಒಳ್ಳೆಯದು. ವರ್ಷದ ನಡುವೆ ಬಡ್ತಿ ಸಿಕ್ಕವರ ಲೆಕ್ಕವನ್ನು ಎರಡು ತುಂಡು ಮಾಡಿ ಕೂಡಬೇಕು: ಆರು ತಿಂಗಳು 1ರಲ್ಲಿ, ಆರು ತಿಂಗಳು 1.25ರಲ್ಲಿ ಇದ್ದವರಿಗೆ 6 ಮತ್ತು 7.5, ಒಟ್ಟು 13.5 ಪಾಲು. ತಿಂಗಳ ಹದಿನೇಳಕ್ಕೆ ಸೇರಿದವರಿಗೆ ಪೂರ್ತಿ ತಿಂಗಳೋ ಅರ್ಧವೋ ಎಂದು ಕಿತ್ತಾಡುವ ಬದಲು ದಿನಗಳನ್ನೇ ಎಣಿಸುವುದು ಲೇಸು. ಸೂತ್ರ ಬದಲಾಗುವುದಿಲ್ಲ.

ತಿಂಗಳು ಎಣಿಸುವಾಗ ನಿಜಕ್ಕೂ ಕಷ್ಟದ್ದು ರಜೆಯ ಪ್ರಶ್ನೆ. ಹೆರಿಗೆ ರಜೆಯಲ್ಲಿದ್ದವರ ಆರು ತಿಂಗಳನ್ನು ಏನು ಮಾಡಬೇಕು? ಕಾಯ್ದೆ ಪ್ರಕಾರ ಕೊಡಲೇಬೇಕಾದ ಬೋನಸ್ ಬೇರೆ, ಕಂಪನಿ ತಾನಾಗಿ ಕೊಡುವ ಪರ್ಫಾರ್ಮೆನ್ಸ್ ಬೋನಸ್ ಬೇರೆ. ಆದರೂ ನೋಡಿ ಕಲಿಯಲು ಒಂದು ಮಾದರಿ ಅಲ್ಲೇ ಇದೆ. 1965ರ ಬೋನಸ್ ಪಾವತಿ ಕಾಯ್ದೆ, ವರ್ಷದ ಎಲ್ಲ ದಿನ ದುಡಿಯದವರ ಬೋನಸ್ಸನ್ನು ದಿನಗಳ ಪ್ರಮಾಣದಲ್ಲಿ ಇಳಿಸಲು ಅವಕಾಶ ಕೊಟ್ಟಿತ್ತು. ಆದರೆ ಸಂಬಳಸಹಿತ ರಜೆ, ಹೆರಿಗೆ ರಜೆ, ಕೆಲಸದಲ್ಲಾದ ಅಪಘಾತದಿಂದ ತಾತ್ಕಾಲಿಕವಾಗಿ ದುಡಿಯಲಾಗದ ದಿನಗಳನ್ನು ದುಡಿದ ದಿನಗಳೆಂದೇ ಎಣಿಸಬೇಕೆಂದೂ ಅದರ 14ನೇ ಸೆಕ್ಷನ್ ಹೇಳಿತ್ತು. ಆ ಕಾಯ್ದೆಯನ್ನು ಒಳಗೊಂಡ 2019ರ ವೇತನ ಸಂಹಿತೆಯಲ್ಲೂ ಈ ಎಣಿಕೆ ಉಳಿದಿದೆ. ಪೂಲ್ ಹಂಚುವ ಮ್ಯಾನೇಜರ್‌ಗಳು ಇದಕ್ಕಿಂತ ಜಿಪುಣರಾಗಲು ಕಾರಣ ಕಾಣುವುದಿಲ್ಲ.

ತೂಕದ ವಿಷಯದಲ್ಲಿ ಇಷ್ಟು ಗಟ್ಟಿ ಆಧಾರ ಸಿಗದು. ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಸೀಸನ್ ಕೊನೆಯ ಪಂದ್ಯಗಳ ಹಣ ಬಂದಾಗ ಯಾರಿಗೆ ಪೂರ್ತಿ ಪಾಲು, ಯಾರಿಗೆ ಭಾಗಶಃ ಪಾಲು ಎಂಬುದನ್ನು ಆಟಗಾರರೇ ಮತ ಹಾಕಿ ತೀರ್ಮಾನಿಸುತ್ತಾರೆ. ಕಚೇರಿಗಳಲ್ಲಿ ಅಷ್ಟು ಧೈರ್ಯ ಅಪರೂಪ. ಅಲ್ಲಿ ತೂಕ ಹಾಕುವವರು ಹೆಚ್ಚಾಗಿ ಪಾಲುದಾರರೂ ಆಗಿರುತ್ತಾರೆ. ಲೀಡ್ ತನ್ನ ತೂಕವನ್ನು 1.5ರಿಂದ 2ಕ್ಕೆ ಏರಿಸಿಕೊಂಡರೆ ಒಟ್ಟು ಪಾಲು 66 ಆಗಿ, ಏನೂ ಬದಲಾಗದ ಟೆಸ್ಟರ್‌ನ ಮೊತ್ತ 1,80,000ದಿಂದ ಸುಮಾರು 1,63,636ಕ್ಕೆ ಜಾರುತ್ತದೆ.

ತೂಕ ಮುಟ್ಟದೆಯೂ ಹೀಗೆ ಲಾಭವಾಗುವ ಒಂದು ದಾರಿ ಇದೆ. 'ಬೋನಸ್ ಕೊಡುವ ದಿನ ಕಂಪನಿಯಲ್ಲಿ ಇರಬೇಕು' ಎಂಬ ಷರತ್ತು ಎಷ್ಟೋ ನೇಮಕಾತಿ ಪತ್ರಗಳಲ್ಲಿ ಇರುತ್ತದೆ. ಮೇಲಿನ ಲೆಕ್ಕದಲ್ಲಿ ಆರು ತಿಂಗಳಿದ್ದು ಬೇರೆ ತಂಡಕ್ಕೆ ಹೋದವರು ಆ ದಿನದ ಮುಂಚೆ ಕೆಲಸವನ್ನೇ ಬಿಟ್ಟರೆ ಅವರ 6 ಪಾಲು ಏನಾಗಬೇಕೆಂದು ಆ ಷರತ್ತು ಸಾಮಾನ್ಯವಾಗಿ ಹೇಳುವುದಿಲ್ಲ. ಅದು ಕಂಪನಿಗೆ ಮರಳಿದರೆ ಉಳಿದ ನಾಲ್ವರಿಗೆ ವ್ಯತ್ಯಾಸವೇ ಇಲ್ಲ. ಅವರಲ್ಲೇ ಹಂಚಿಹೋದರೆ ಒಟ್ಟು ಪಾಲು 54ಕ್ಕಿಳಿದು, ಲೀಡ್‌ನ ಮೊತ್ತ 2,70,000ದಿಂದ ಸರಿಯಾಗಿ ಮೂರು ಲಕ್ಷಕ್ಕೆ ಏರುತ್ತದೆ. ಒಬ್ಬರು ರಾಜೀನಾಮೆ ಕೊಟ್ಟರೆ ಅವರ ಮೇಲಿನವರಿಗೆ ಮೂವತ್ತು ಸಾವಿರ ಸಿಗುವಂತಿದ್ದರೆ, ಹೋಗುವವರನ್ನು ಇನ್ನೊಂದು ತಿಂಗಳು ತಡೆದು ನಿಲ್ಲಿಸುವ ಉಮೇದು ಆ ಮೇಲಿನವರಿಗೆ ಎಲ್ಲಿಂದ ಬರಬೇಕು?