ಒಂದು ಫ್ಯಾನ್ ಕೆಪಾಸಿಟರ್, ಎರಡು ದೀಪ, ಮೂರು ಫೇಸ್

ಪಂಪಿನ ಮೂರು ಫೇಸ್ ತಂತಿಗಳಲ್ಲಿ ಎರಡನ್ನು ಅದಲುಬದಲು ಮಾಡಿದರೆ ಮೋಟಾರು ಉಲ್ಟಾ ತಿರುಗುತ್ತದೆ. ಅದು ಎಲ್ಲ ವೈರ್‌ಮನ್‌ಗಳಿಗೂ ಗೊತ್ತು. ಆದರೂ ಮೂರು ತಂತಿಗಳ ಕರೆಂಟು ಒಂದಕ್ಕೊಂದು ಸಮವಾಗಿಯೇ ಇರುತ್ತದೆ, ಏಕೆಂದರೆ ಮೋಟಾರಿನ ಮೂರು ಸುರುಳಿಗಳೂ ಒಂದೇ ತೆರನವು. ಮೂರು ಕಡೆ ಮೂರು ಬಗೆಯ ಲೋಡ್ ಇದ್ದರೆ ಹಾಗಾಗುವುದಿಲ್ಲ.

ಸೀಲಿಂಗ್ ಫ್ಯಾನಿನ 3.15 ಮೈಕ್ರೊಫ್ಯಾರಡ್ ಕೆಪಾಸಿಟರನ್ನು ಆರ್ ಫೇಸಿಗೆ, ತಲಾ 1000 ಓಮ್‌ನ ಎರಡು ದೀಪಗಳನ್ನು ವೈ ಮತ್ತು ಬಿ ಫೇಸಿಗೆ ಜೋಡಿಸಿ, ಮೂರರ ಇನ್ನೊಂದು ತುದಿಗಳನ್ನು ಒಟ್ಟಿಗೆ ಕಟ್ಟಿದ್ದೇವೆ ಎನ್ನಿ. ನ್ಯೂಟ್ರಲ್ ಇಲ್ಲ. 50 ಹರ್ಟ್ಸ್‌ನಲ್ಲಿ ಆ ಕೆಪಾಸಿಟರ್ ಒಡ್ಡುವ ತಡೆಯೂ ಸುಮಾರು 1000 ಓಮ್. ಫೇಸ್ ವೋಲ್ಟೇಜ್ 230 ಆಗಿ, ಸರದಿ ಆರ್-ವೈ-ಬಿ ಆಗಿದ್ದರೆ ವೈ ದೀಪಕ್ಕೆ ಸುಮಾರು 344 ವೋಲ್ಟ್ ಬೀಳುತ್ತದೆ, ಬಿ ದೀಪಕ್ಕೆ ಬರೀ 92. ತಂತಿಗಳ ಕರೆಂಟು 344 ಮತ್ತು 92 ಮಿಲಿಆಂಪಿಯರ್. ಒಂದು ದೀಪ 118 ವಾಟ್ ಉರಿಯುವಾಗ ಇನ್ನೊಂದು 8 ವಾಟ್ ಆಸುಪಾಸಿನಲ್ಲಿ ಮಿಣುಕುತ್ತದೆ. ಸರದಿ ತಿರುವಿದ ಕೂಡಲೇ ಎರಡು ದೀಪಗಳ ಪಾಲೂ ಅದಲುಬದಲು. ಕೆಪಾಸಿಟರ್ ತಂತಿಯ 309 ಮಿಲಿಆಂಪಿಯರ್ ಮಾತ್ರ ಕದಲುವುದಿಲ್ಲ, ಎರಡು ದೀಪಗಳೂ ಸಮವಾಗಿರುವುದರಿಂದ.

ಕಾರಣ ಕಾಲದಲ್ಲಿದೆ. ಒಂದು ಆವರ್ತಕ್ಕೆ 20 ಮಿಲಿಸೆಕೆಂಡು. ಮೂರು ಫೇಸ್‌ಗಳು 6.67 ಮಿಲಿಸೆಕೆಂಡಿನ ಅಂತರದಲ್ಲಿ ಒಂದರ ಹಿಂದೊಂದು ಶಿಖರ ಮುಟ್ಟುತ್ತವೆ. ಕೆಪಾಸಿಟರಿನ ಕರೆಂಟು ತನ್ನ ವೋಲ್ಟೇಜಿಗಿಂತ 5 ಮಿಲಿಸೆಕೆಂಡು ಮೊದಲೇ ಶಿಖರ ಮುಟ್ಟುತ್ತದೆ. ಆ ಹೊತ್ತಿಗೆ ಬಿ ಫೇಸ್ ಕೂಡ ಕೂಡುಬಿಂದುವಿನೊಳಕ್ಕೆ ಕರೆಂಟು ತಳ್ಳುತ್ತಿರುತ್ತದೆ, ವೈ ಫೇಸ್ ಹೊರಕ್ಕೆ ಎಳೆಯುತ್ತಿರುತ್ತದೆ. ಹೀಗಾಗಿ ಕೆಪಾಸಿಟರಿನ ಕರೆಂಟು ವೈ ದೀಪದಲ್ಲಿ ಕೂಡುತ್ತದೆ, ಬಿ ದೀಪದಲ್ಲಿ ಕಳೆಯುತ್ತದೆ. ಸರದಿ ಬದಲಾದರೆ ಕೂಡುವ ಕಡೆಯೂ ಬದಲು. ಫೇಸ್ ಸೀಕ್ವೆನ್ಸ್ ಪರೀಕ್ಷಿಸುವ ಹಳೆಯ ದೀಪದ ಉಪಕರಣ ಇದೇ ತತ್ತ್ವದ ಮೇಲೆ ನಿಂತಿದೆ: ಕೆಪಾಸಿಟರಿನ ಫೇಸ್ ಆದ ಮೇಲೆ ಬರುವ ಫೇಸಿನ ದೀಪವೇ ಪ್ರಕಾಶಮಾನ.

ದೀಪದ ತಂತು ಬಿಸಿಯಾದಂತೆ ಅದರ ಓಮ್ ಏರುವುದರಿಂದ ನಿಜವಾದ ದೀಪಗಳಲ್ಲಿ ಅಂಕಿಗಳು ಕೊಂಚ ಬೇರೆ ಬರುತ್ತವೆ. 344 ವೋಲ್ಟಿಗೆ 230 ವೋಲ್ಟಿನ ಒಂಟಿ ದೀಪ ಸುಟ್ಟುಹೋಗುತ್ತದೆ, ಆದ್ದರಿಂದ ಪ್ರತಿ ಕಡೆಯೂ ಎರಡನ್ನು ಸರಣಿಯಲ್ಲಿ ಹಾಕಬೇಕು. ಕರೆಂಟು ತೆಗೆದ ಮೇಲೂ ಕೆಪಾಸಿಟರ್ ಚಾರ್ಜ್ ಹಿಡಿದಿಟ್ಟುಕೊಂಡಿರಬಹುದು, ಬರಿಗೈಯಲ್ಲಿ ಮುಟ್ಟಬಾರದು.

ಅಸಮ ಲೋಡ್ ಎಂದ ಮಾತ್ರಕ್ಕೆ ಈ ಬದಲಾವಣೆ ಆಗಿಯೇ ತೀರುತ್ತದೆ ಎಂದುಕೊಳ್ಳುವುದು ತಪ್ಪು. ಮೂರೂ ಹೀಟರುಗಳೇ ಆಗಿದ್ದರೆ, ವಾಟ್ ಎಷ್ಟೇ ಹೆಚ್ಚುಕಡಿಮೆ ಇರಲಿ, ಸರದಿ ತಿರುವಿದರೂ ಆಮೀಟರಿನ ಮುಳ್ಳು ಅಲ್ಲೇ ನಿಲ್ಲುತ್ತದೆ. ಕರೆಂಟನ್ನು ಮುಂದೂಡುವ ಅಥವಾ ಹಿಂದಿಕ್ಕುವ ಲೋಡ್ ಒಂದು ಕಡೆಯಾದರೂ ಬೆರೆತಿರಬೇಕು. ಕೂಡುಬಿಂದುವಿಗೆ ಗಟ್ಟಿ ನ್ಯೂಟ್ರಲ್ ಕೊಟ್ಟರೂ ಲೈನ್ ಕರೆಂಟುಗಳು ಬದಲಾಗವು. ಪ್ರತಿ ಲೋಡಿಗೂ ಆಗ ತನ್ನದೇ 230 ವೋಲ್ಟ್ ಸಿಗುತ್ತದೆ.

ಲೈನ್ ರಿಪೇರಿಯಾದ ಮರುದಿನ ಇಂಥ ಲೋಡಿನಲ್ಲಿ ಕ್ಲ್ಯಾಂಪ್ ಮೀಟರ್ ಬೇರೆ ಅಂಕಿ ತೋರಿಸಿದರೆ, ಲೋಡ್ ಬಿಚ್ಚುವ ಮುನ್ನ ಸಪ್ಲೈ ಆಫ್ ಮಾಡಿ ಎರಡು ಫೇಸ್ ಬದಲಿಸಿ ನೋಡಿ. ಹಳೆಯ ಅಂಕಿಗಳು ಮರಳಿದರೆ ಕೆಟ್ಟದ್ದು ಲೋಡ್ ಅಲ್ಲ, ಸರದಿ.