ಸ್ವಾಗತದ ಮೇಲ್‌ಗೆ ಒಂದೇ ಕೆಲಸ

ಬಸ್ಸಿನಲ್ಲಿ ಕುಳಿತ ಒಬ್ಬರು ಫೋನಿನಲ್ಲಿ ಕಾಫಿ ಪುಡಿ ಮಾರುವ ಜಾಲತಾಣ ನೋಡುತ್ತಿದ್ದಾರೆ. ‘ನಿಮ್ಮ ಇಮೇಲ್ ಕೊಡಿ, ಮೊದಲ ಖರೀದಿಗೆ 10% ರಿಯಾಯಿತಿ ಪಡೆಯಿರಿ’ ಎಂದು ಅಲ್ಲಿ ಬರೆದಿದೆ. ಅವರು ಇಮೇಲ್ ವಿಳಾಸ ಕೊಡುತ್ತಾರೆ. ಅರ್ಧ ನಿಮಿಷದಲ್ಲಿ ಮೇಲ್ ಬರುತ್ತದೆ: ‘ನಮ್ಮ ಕುಟುಂಬಕ್ಕೆ ಸ್ವಾಗತ!’ ತೆರೆದರೆ ಮೊದಲು ತೋಟದ ದೊಡ್ಡ ಚಿತ್ರ, ಅದರ ಕೆಳಗೆ ಅಜ್ಜ ತೋಟ ಮಾಡಿದ ಕಥೆ, ಆಮೇಲೆ ಐದು ಬಗೆಯ ಪುಡಿಗಳು, ಇನ್‌ಸ್ಟಾಗ್ರಾಮ್ ಲಿಂಕ್, ವಾಟ್ಸ್‌ಆ್ಯಪ್ ಗುಂಪು, ಒಂದು ಸಮೀಕ್ಷೆ, ‘ಸ್ನೇಹಿತರಿಗೂ ತಿಳಿಸಿ’ ಎಂಬ ಬಟನ್. ಕೇಳಿದ ಕೂಪನ್ ಎಲ್ಲಕ್ಕಿಂತ ಕೆಳಗಿದೆ. ಅಲ್ಲಿಗೆ ತಲುಪುವಷ್ಟರಲ್ಲಿ ಇಳಿಯುವ ನಿಲ್ದಾಣ ಬಂದು, ಫೋನ್ ಜೇಬು ಸೇರುತ್ತದೆ.

ಈ ಅಂಗಡಿ ಉದಾಹರಣೆಗೆಂದು ಕಟ್ಟಿಕೊಂಡದ್ದು. ಆದರೆ ಇಂಥ ಮೇಲ್ ಯಾರ ಇನ್‌ಬಾಕ್ಸ್‌ನಲ್ಲಾದರೂ ಸಿಗುತ್ತದೆ. ಹೊಸದಾಗಿ ಹೆಸರು ಕೊಟ್ಟವರಿಗೆ ಮೊದಲ ಒಂದೆರಡು ವಾರ ತಾನಾಗಿಯೇ ಹೋಗುವ ಮೂರು ನಾಲ್ಕು ಮೇಲ್‌ಗಳ ಸಾಲನ್ನು ಸ್ವಾಗತ ಸರಣಿ ಎನ್ನುತ್ತಾರೆ. ಅದು ಕೆಡುವುದು ಒಂದೇ ದಿನದಲ್ಲಲ್ಲ. ಇನ್‌ಸ್ಟಾಗ್ರಾಮ್ ನೋಡಿಕೊಳ್ಳುವವರು ಒಂದು ಲಿಂಕ್ ಸೇರಿಸುತ್ತಾರೆ, ಮಾಲೀಕರು ತೋಟದ ಕಥೆ ಇರಲಿ ಎನ್ನುತ್ತಾರೆ, ಹಬ್ಬಕ್ಕೆ ಹಾಕಿದ ಸಮೀಕ್ಷೆಯನ್ನು ತೆಗೆಯಲು ಮರೆಯುತ್ತಾರೆ. ಹೀಗೆ ಒಂದೊಂದೇ ಸೇರುತ್ತಾ ಹೋಗಿ ಮೇಲ್ ಸಂತೆಯ ಚೀಲದಂತೆ ತುಂಬಿಕೊಳ್ಳುತ್ತದೆ.

ಇದನ್ನು ಸರಿಪಡಿಸಲು ಕುಳಿತವರು ಕೂಡಲೇ ಹೊಸದಾಗಿ ಬರೆಯಲು ಶುರುಮಾಡಬಾರದು. ಮೊದಲು ಹಳೆಯ ಮೇಲ್‌ಗಳನ್ನು ಪ್ರಿಂಟ್ ತೆಗೆದು, ಓದುಗರಿಂದ ಏನನ್ನಾದರೂ ಬಯಸುವ ಜಾಗಗಳಿಗೆಲ್ಲ ಪೆನ್ಸಿಲ್‌ನಲ್ಲಿ ಗುರುತು ಹಾಕಬೇಕು. ಕಾಫಿ ಅಂಗಡಿಯ ಮೊದಲ ಮೇಲ್‌ನಲ್ಲಿ ಇಂಥ ಏಳು ಗುರುತು ಬೀಳುತ್ತವೆ: ಕಥೆ ಓದಿ, ಪುಡಿಗಳನ್ನು ನೋಡಿ, ಇನ್‌ಸ್ಟಾಗ್ರಾಮ್‌ನಲ್ಲಿ ಸೇರಿ, ಗುಂಪಿಗೆ ಬನ್ನಿ, ಸಮೀಕ್ಷೆಗೆ ಉತ್ತರಿಸಿ, ಸ್ನೇಹಿತರಿಗೆ ತಿಳಿಸಿ, ಕೂಪನ್ ಬಳಸಿ.

ನಂತರ ಪ್ರತಿ ಮೇಲ್‌ಗೂ ಒಂದು ವಾಕ್ಯ ಬರೆದುಕೊಳ್ಳಬೇಕು: ‘ಈ ಮೇಲ್ ಓದಿದವರು ಇಂಥದ್ದನ್ನು ಮಾಡಬೇಕು.’ ಆ ವಾಕ್ಯದಲ್ಲಿ ‘ಮತ್ತು’ ಬಂದರೆ ಅಲ್ಲಿ ಎರಡು ಮೇಲ್ ಇವೆ ಎಂದು ತಿಳಿಯಬೇಕು. ಕನ್ನಡದಲ್ಲಿ ಇನ್ನೂ ಸೂಕ್ಷ್ಮವಾದ ಒಂದು ಗುರುತಿದೆ. ‘ಕೂಪನ್ನೂ ಬಳಸಬೇಕು, ಗುಂಪಿಗೂ ಸೇರಬೇಕು’ ಎಂದು ಬರೆದಾಗ ‘ಮತ್ತು’ ಕಾಣುವುದಿಲ್ಲ. ಎರಡನೆಯ ಕೆಲಸ ಆ ‘ಊ’ಕಾರದ ಬೆನ್ನಿಗೆ ಅಂಟಿಕೊಂಡು ಒಳಗೆ ನುಗ್ಗಿರುತ್ತದೆ.

ಈ ಅಳತೆಗೆ ಹಿಡಿದಾಗ ಮೊದಲ ಮೇಲ್ ಚಿಕ್ಕದಾಗುತ್ತದೆ. ಅದರ ಕೆಲಸ ಕೊಟ್ಟ ಮಾತು ಉಳಿಸಿಕೊಳ್ಳುವುದು, ಅಂದರೆ ಕೂಪನ್ ತಲುಪಿಸುವುದು. ಸಬ್ಜೆಕ್ಟ್ ಸಾಲು ‘ನಮ್ಮ ಕುಟುಂಬಕ್ಕೆ ಸ್ವಾಗತ’ ಎಂಬುದರ ಬದಲು ‘ನಿಮ್ಮ 10% ಕೂಪನ್ ಇಲ್ಲಿದೆ’ ಎಂದಾಗುತ್ತದೆ. ಒಳಗಿನ ಪೂರ್ತಿ ಮಾತು ಇಷ್ಟೇ:

‘ನಮಸ್ಕಾರ. ನೀವು ಕೇಳಿದ ಕೂಪನ್: KAPI10. ಹಣ ಕಟ್ಟುವಾಗ ಇದನ್ನು ಹಾಕಿದರೆ 10% ಕಡಿಮೆಯಾಗುತ್ತದೆ. ಇಂದಿನಿಂದ ಹತ್ತು ದಿನ ನಡೆಯುತ್ತದೆ.’

ಕೆಳಗೆ ಒಂದೇ ಬಟನ್: ‘ಪುಡಿ ಆರಿಸಿಕೊಳ್ಳಿ’. ಇದು ಹೆಸರು ಕೊಟ್ಟ ತಕ್ಷಣ ಹೋಗಬೇಕು. ಮರುದಿನ ಹೋದರೆ, ಕೊಳ್ಳಲೆಂದು ಬಂದವರು ಆಗಲೇ ಬೇರೆ ಕಡೆ ಕೊಂಡಿರುತ್ತಾರೆ.

ಎರಡನೆಯದು ಮೂರನೆಯ ದಿನಕ್ಕೆ. ಕೂಪನ್ ಸಿಕ್ಕಿಯೂ ಕೊಳ್ಳದವರು ಯಾವುದನ್ನು ಕೊಳ್ಳುವುದೆಂದು ತಿಳಿಯದೆ ನಿಂತಿರಬಹುದು. ಹಳೆಯ ಸರಣಿ ಇವರಿಗೆ ಐದೂ ಪುಡಿಗಳ ವರ್ಣನೆ ಕಳಿಸುತ್ತಿತ್ತು. ಹೊಸದು ಒಂದೇ ಪ್ರಶ್ನೆ ಕೇಳುತ್ತದೆ: ‘ಮನೆಯಲ್ಲಿ ಕಾಫಿ ಹೇಗೆ ಮಾಡುತ್ತೀರಿ? ಫಿಲ್ಟರ್‌ನಲ್ಲೋ, ಪಾತ್ರೆಯಲ್ಲಿ ಕುದಿಸಿಯೋ? ಚಿಕೋರಿ ಬೇಕೋ, ಬೇಡವೋ? ಈ ಮೇಲ್‌ಗೇ ಉತ್ತರಿಸಿ, ಯಾವ ಪುಡಿ ಹೊಂದುತ್ತದೆಂದು ಹೇಳುತ್ತೇವೆ.’ ಇಲ್ಲಿ ಲಿಂಕ್ ಇಲ್ಲ, ಬಟನ್ ಇಲ್ಲ. ಉತ್ತರ ಬರುವುದೇ ಗುರಿ. ಈ ಹಂತದಲ್ಲಿ ಸಾಮಾನ್ಯವಾಗಿ ಆಗುವ ತಪ್ಪೆಂದರೆ ಮೇಲನ್ನು ಯಾರೂ ತೆರೆದು ನೋಡದ noreply ವಿಳಾಸದಿಂದ ಕಳಿಸುವುದು. ಉತ್ತರ ಕೇಳುವ ಮೇಲ್ ಒಬ್ಬರು ದಿನವೂ ನೋಡುವ ವಿಳಾಸದಿಂದಲೇ ಹೋಗಬೇಕು.

ಮೂರನೆಯದರಲ್ಲಿ ಈ ಪದ್ಧತಿಯ ನಿಜವಾದ ಲಾಭ ಕಾಣುತ್ತದೆ. ಹಳೆಯ ಸರಣಿಯಲ್ಲಿ ಐದನೆಯ ದಿನ ಎಲ್ಲರಿಗೂ ಡಿಕಾಕ್ಷನ್ ಇಳಿಸುವ ವಿಧಾನ ಹೋಗುತ್ತಿತ್ತು, ಜೊತೆಗೆ ‘ಈಗಲೇ ಕೊಳ್ಳಿ’ ಎಂಬ ಬಟನ್. ಇದರ ಕೆಲಸವನ್ನು ಒಂದೇ ವಾಕ್ಯದಲ್ಲಿ ಬರೆಯಲು ಹೋದರೆ ತೊಡಕು ಗೊತ್ತಾಗುತ್ತದೆ. ‘ಓದಿದವರು ಒಳ್ಳೆಯ ಡಿಕಾಕ್ಷನ್ ಇಳಿಸಬೇಕು’ ಎನ್ನುವುದಾದರೆ ಅವರ ಕೈಯಲ್ಲಿ ಪುಡಿ ಇರಬೇಕಲ್ಲ! ಹಾಗಾಗಿ ಈ ಮೇಲ್ ಕೊಂಡವರಿಗೆ ಮಾತ್ರ, ಅದೂ ಪಾರ್ಸೆಲ್ ತಲುಪಿದ ದಿನ ಹೋಗಬೇಕು. ಪುಡಿ ಹಾಕಿ ಬಿಲ್ಲೆಯಿಂದ ಹಗುರವಾಗಿ ಒತ್ತಿ, ಬಿಸಿ ನೀರು ಸುರಿದು, ಮುಚ್ಚಿಟ್ಟು ಕಾಯಿರಿ. ಡಿಕಾಕ್ಷನ್ ಇಳಿಯದೆ ನಿಂತರೆ ಪುಡಿಯನ್ನು ಗಟ್ಟಿಯಾಗಿ ಒತ್ತಿರಬಹುದು, ನೀರುನೀರಾಗಿ ಬೇಗ ಇಳಿದರೆ ಸಡಿಲವಾಗಿರಬಹುದು. ಇಷ್ಟು ಹೇಳಿದರೆ ಅದರ ಕೆಲಸ ಮುಗಿಯಿತು.

ನಾಲ್ಕನೆಯದು ಎಂಟನೆಯ ದಿನ, ಇನ್ನೂ ಕೊಳ್ಳದವರಿಗೆ: ಕೂಪನ್ ಮುಗಿಯಲು ಎರಡೇ ದಿನ ಉಳಿದಿದೆ ಎಂಬ ನೆನಪು. ಕೂಪನ್ ಆ ದಿನ ನಿಜಕ್ಕೂ ಮುಗಿಯಬೇಕು. ಹದಿನೈದನೆಯ ದಿನವೂ ಅದು ನಡೆದರೆ ಮುಂದಿನ ಯಾವ ಗಡುವನ್ನೂ ಜನ ನಂಬುವುದಿಲ್ಲ. ಉಳಿದ ಕೋರಿಕೆಗಳಿಗೂ ಜಾಗ ಸಿಗುತ್ತದೆ. ಸ್ನೇಹಿತರಿಗೆ ಹೇಳಿ ಎನ್ನುವ ಮಾತು ಎರಡನೆಯ ಸಲ ಕೊಂಡವರಿಗೆ ಸಲ್ಲುತ್ತದೆ, ಅಜ್ಜನ ಕಥೆ ಪುಡಿಯ ಪೊಟ್ಟಣದೊಳಗಿನ ಚೀಟಿಗೆ ಒಪ್ಪುತ್ತದೆ.

ಒಂದು ಲಿಂಕ್ ಮಾತ್ರ ಎಲ್ಲ ಮೇಲ್‌ಗಳಲ್ಲೂ ಉಳಿಯಬೇಕು: ಇನ್ನು ಮೇಲ್ ಬೇಡ ಎನ್ನುವವರಿಗಾಗಿ ಅನ್‌ಸಬ್‌ಸ್ಕ್ರೈಬ್. 2024ರ ಫೆಬ್ರವರಿಯಿಂದ ಜಿಮೇಲ್ ಮತ್ತು ಯಾಹೂ ದೊಡ್ಡ ಪ್ರಮಾಣದಲ್ಲಿ ಮೇಲ್ ಕಳಿಸುವವರಿಗೆ ನಿಯಮ ಬಿಗಿಗೊಳಿಸಿವೆ. ಜಿಮೇಲ್‌ನ ಲೆಕ್ಕದಲ್ಲಿ ದಿನಕ್ಕೆ 5,000ಕ್ಕಿಂತ ಹೆಚ್ಚು ಕಳಿಸುವವರು ಒಂದೇ ಕ್ಲಿಕ್ಕಿನಲ್ಲಿ ಹೊರಹೋಗುವ ದಾರಿ ಕೊಡಬೇಕು. ಅದು ಸುಲಭವಾಗಿ ಸಿಗದಿದ್ದರೆ ಬೇಸತ್ತವರು ಸ್ಪ್ಯಾಮ್ ಬಟನ್ ಒತ್ತುತ್ತಾರೆ. ಆ ದೂರು ಹೆಚ್ಚಿದರೆ ಮೇಲ್ ಬೇಕೆಂದವರಿಗೂ ಅದು ಇನ್‌ಬಾಕ್ಸ್ ತಲುಪುವುದಿಲ್ಲ.

ಹೊಸ ಸರಣಿ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಹಲವರು ನೋಡುವುದು ಎಷ್ಟು ಜನ ಮೇಲ್ ತೆರೆದರು ಎಂಬುದನ್ನು. ಆ ಅಂಕಿ ಈಗ ಭರವಸೆಯದಲ್ಲ. ಮೇಲ್‌ನಲ್ಲಿ ಅಡಗಿಸಿಟ್ಟ ಒಂದು ಪುಟ್ಟ ಚಿತ್ರ ಲೋಡ್ ಆದರೆ ‘ತೆರೆದರು’ ಎಂದು ಎಣಿಸುವುದು ಅದರ ಕ್ರಮ. 2021ರ ಸೆಪ್ಟೆಂಬರ್‌ನಲ್ಲಿ ಆ್ಯಪಲ್ ತನ್ನ ಮೇಲ್ ಆ್ಯಪ್‌ನಲ್ಲಿ ಖಾಸಗಿತನದ ಸೌಲಭ್ಯ ತಂದ ಮೇಲೆ, ಅದನ್ನು ಆನ್ ಮಾಡಿಕೊಂಡವರ ಮೇಲ್‌ಗಳ ಚಿತ್ರಗಳು ಅವರು ತೆರೆಯದಿದ್ದರೂ ಲೋಡ್ ಆಗುತ್ತವೆ. ಪ್ರತಿ ಮೇಲ್‌ಗೆ ಒಂದೇ ಕೆಲಸವಿದ್ದರೆ ಈ ಅಂಕಿಯ ಹಂಗೇ ಬೇಡ. ಮೊದಲನೆಯದಕ್ಕೆ ಬಳಕೆಯಾದ ಕೂಪನ್, ಎರಡನೆಯದಕ್ಕೆ ಬಂದ ಉತ್ತರ, ಮೂರನೆಯದಕ್ಕೆ ಮತ್ತೆ ಬಂದ ಆರ್ಡರ್, ನಾಲ್ಕನೆಯದಕ್ಕೆ ಕೊನೆಯೆರಡು ದಿನದ ಮಾರಾಟ. ಯಾವುದು ಸೋತರೂ ತಿದ್ದಬೇಕಾದ ಮೇಲ್ ಯಾವುದೆಂದು ಗೊತ್ತಾಗುತ್ತದೆ. ಆದರೆ ತಿಂಗಳಿಗೆ ನಲವತ್ತು ಹೊಸಬರು ಬರುವ ಅಂಗಡಿ ಒಂದೇ ತಿಂಗಳ ಲೆಕ್ಕ ನೋಡಿ ತೀರ್ಮಾನಿಸಬಾರದು. ಅಲ್ಲಿ ಇಬ್ಬರು ಹೆಚ್ಚು ಕೊಂಡರೂ ಶೇಕಡಾವಾರು ಏರಿಬಿಡುತ್ತದೆ.

ಸರಣಿ ಶುರುಮಾಡುವ ಮುನ್ನ ಅಂಗಡಿಯವರು ತಮ್ಮದೇ ಎರಡು ಇಮೇಲ್ ವಿಳಾಸಗಳಿಂದ ಹೆಸರು ಕೊಟ್ಟು ನೋಡಬೇಕು. ಒಂದರಿಂದ ಎರಡನೆಯ ದಿನ ಪುಡಿ ಕೊಳ್ಳಬೇಕು, ಇನ್ನೊಂದನ್ನು ಸುಮ್ಮನೆ ಬಿಡಬೇಕು. ಕೊಂಡ ವಿಳಾಸಕ್ಕೆ ಮೂರನೆಯ ದಿನದ ಪ್ರಶ್ನೆ ಬರಬಾರದು, ಪಾರ್ಸೆಲ್ ತಲುಪಿದ ದಿನ ಡಿಕಾಕ್ಷನ್‌ನ ಮೇಲ್ ಬರಬೇಕು. ಎಂಟನೆಯ ದಿನ ಅದಕ್ಕೂ ‘ಕೂಪನ್ ಮುಗಿಯುತ್ತಿದೆ’ ಎಂಬ ನೆನಪು ಬಂದರೆ, ಕೊಂಡವರನ್ನು ಸರಣಿಯಿಂದ ಹೊರಗಿಡುವ ಷರತ್ತು ಸಾಫ್ಟ್‌ವೇರ್‌ನಲ್ಲಿ ಇನ್ನೂ ಸರಿಯಾಗಿ ಕೂತಿಲ್ಲ ಎಂದರ್ಥ.